ಬ್ಯಾಂಕಿನಲ್ಲಿರುವ ಮೊತ್ತದಿಂದ ಭಾಷಣ ಶುರುಮಾಡಬೇಡಿ

ಪ್ರಶ್ನೆ: ಶಿವಮೊಗ್ಗದಲ್ಲಿ 24 ಮನೆಗಳ ಅಪಾರ್ಟ್‌ಮೆಂಟ್ ಸಂಘಕ್ಕೆ ಈ ವರ್ಷ ನಾನು ಖಜಾಂಚಿ. ವಾರ್ಷಿಕ ಸಭೆಯಲ್ಲಿ ಬ್ಯಾಂಕ್ ಬ್ಯಾಲೆನ್ಸ್ ಹೇಳಿ, ಬಾಕಿದಾರರ ಹೆಸರು ಓದಿ, ಆಮೇಲೆ ಮೇಂಟೆನೆನ್ಸ್ ಏರಿಸೋಣ ಅಂತ ಕೇಳಬೇಕೆಂದಿದ್ದೇನೆ. ಸರಿಯೇ?

ಉತ್ತರ: ಮೂರೂ ಬೇಡ. ಖಜಾಂಚಿಯಾಗಿದ್ದಾಗ ನಾನೂ ಇದೇ ಗೊಂದಲದಲ್ಲಿದ್ದೆ, ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಮಾರ್ಚ್ 31ಕ್ಕೆ ಖಾತೆಯಲ್ಲಿ 3,10,000 ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಆ ಅಂಕಿ ಕಿವಿಗೆ ಬಿದ್ದ ಕೂಡಲೇ "ಇಷ್ಟು ದುಡ್ಡಿದ್ದೂ ಯಾಕೆ ಏರಿಸಬೇಕು?" ಎಂಬ ಪ್ರಶ್ನೆ ಬರುತ್ತದೆ. ಆಮೇಲೆ ನೀವು ಏನು ವಿವರಿಸಿದರೂ ನೆಪದಂತೆ ಕೇಳಿಸುತ್ತದೆ. ಆ ಮೊತ್ತ ಯಾರದ್ದು ಎಂಬುದನ್ನೇ ಮೊದಲು ಬಿಡಿಸಿ ಹೇಳಿ. ಅದರಲ್ಲಿ 2,50,000 ಮೀಸಲು ನಿಧಿ. 30,000 ಮುಂದಿನ ವರ್ಷದ ಮೇಂಟೆನೆನ್ಸನ್ನು ಈಗಲೇ ಕಟ್ಟಿದವರ ಹಣ. ಮಾರ್ಚ್ ತಿಂಗಳ ಮೆಸ್ಕಾಂ ಬಿಲ್ಲು, ಕಾವಲುಗಾರರ ಸಂಬಳ ಸೇರಿ 20,000 ಇನ್ನೂ ಕೊಡಬೇಕಿದೆ. ಇಷ್ಟು ಕಳೆದರೆ ಸಂಘ ದಿನದ ಖರ್ಚಿಗೆ ಬಳಸಬಹುದಾದದ್ದು ಬರೀ 10,000. ಈ ಕಳೆಯುವ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿ, ಬಾಯಲ್ಲಿ ಹೇಳಿದರೆ ನಿಲ್ಲುವುದಿಲ್ಲ.

ಮೀಸಲು ನಿಧಿ ದಿನದ ಖರ್ಚಿನ ಖಾತೆಯಲ್ಲೇ ಇದ್ದರೆ ಲಿಫ್ಟ್ ರಿಪೇರಿಗೋ ಪಂಪಿಗೋ ಸದ್ದಿಲ್ಲದೆ ಕರಗುತ್ತದೆ. ಬೇರೆ ಎಫ್‌ಡಿ ಮಾಡಿಸಿ, ಅದರ ರಸೀದಿ ಸಭೆಗೆ ತನ್ನಿ.

ಬಾಕಿ ವಿಷಯದಲ್ಲಿ ಹೆಸರು ಓದಿದರೆ ಜಗಳ ಗ್ಯಾರಂಟಿ, ವಸೂಲಿ ಅನುಮಾನ. "ಐದು ಮನೆಗಳಿಂದ 36,000 ಬಾಕಿ, ಅದರಲ್ಲಿ 27,000 ಆರು ತಿಂಗಳು ದಾಟಿದ್ದು" ಎಂದರೆ ಸಾಕು. ಆಯಾ ಮನೆಗೆ ಪತ್ರ ಬೇರೆ ಹೋಗಲಿ. ಲೆಕ್ಕಪತ್ರದಲ್ಲಿ ಈ 36,000 ಆದಾಯದ ಕಡೆ ಸೇರಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ಕಾಗದದಲ್ಲಿ ಉಳಿತಾಯ ಕಾಣಿಸಿ ಖಾತೆ ಬರಿದಾಗುವುದು ಹೀಗೆಯೇ.

ಇನ್ನು ಏರಿಕೆ. "ಖರ್ಚು ಜಾಸ್ತಿಯಾಗಿದೆ" ಎಂದು ಕೇಳಬೇಡಿ, ಕೆಲಸದ ಹೆಸರು ಹಿಡಿದು ಕೇಳಿ. ನಮ್ಮ ಕಡೆಯ ಮಳೆಗೆ ತಾರಸಿ ಸೋರದಂತೆ ಮಾಡಿಸುವುದು, ಹೊರಗೋಡೆಯ ಬಣ್ಣ ತಪ್ಪಿದ್ದಲ್ಲ. ಐದು ವರ್ಷದಲ್ಲಿ ಆ ಕೆಲಸಕ್ಕೆ 6,10,000 ಬೇಕೆಂದು ಅಂದಾಜು ಪಟ್ಟಿ ಹೇಳಿದರೆ, ಮೀಸಲು ನಿಧಿಯ 2,50,000 ಕಳೆದು 3,60,000 ಕೊರತೆ. 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 6,000, ಮನೆಗೆ 250. ಬಡ್ಡಿಯನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಸಾಮಾನಿನ ಬೆಲೆ ಏರಿದಾಗ ಅದು ಬೇಕಾಗುತ್ತದೆ. ಎಫ್‌ಡಿ ಅವಧಿ ಜನವರಿಯಲ್ಲಿ ಮುಗಿಯುವಂತಿರಲಿ. ತಾರಸಿ ಒಣಗಿರುವಾಗಲೇ ಕೆಲಸ ಶುರುವಾಗಿ ಮೇ ಒಳಗೆ ಮುಗಿಯಬೇಕು, ಹಣ ಜೂನಿನಲ್ಲಿ ಕೈಗೆ ಬಂದರೆ ಒಂದು ಮಳೆಗಾಲ ಹೋಯಿತು.

ಈ 250ನ್ನು ಮೇಂಟೆನೆನ್ಸ್ ಜೊತೆ ಬೆರೆಸದೆ ಬೇರೆ ಠರಾವಾಗಿ ಮಂಡಿಸಿ. ರಸೀದಿಯಲ್ಲೂ ಎರಡು ಸಾಲಾಗಿ ಬರೆಯಿರಿ. ಸಭೆಯ ನಡಾವಳಿಯಲ್ಲಿ "ಸಾಮಾನ್ಯ ಸಭೆಯ ಒಪ್ಪಿಗೆಯಿಲ್ಲದೆ ಈ ನಿಧಿಯಿಂದ ತೆಗೆಯುವಂತಿಲ್ಲ" ಎಂಬ ವಾಕ್ಯ ಅದೇ ದಿನ ಸೇರಲಿ.