ಎಲ್‌ಎಲ್‌ಸಿಯೋ ಕಂಪನಿಯೋ: ಲಾಭವನ್ನು ವ್ಯವಹಾರದಲ್ಲೇ ಉಳಿಸಿದರೆ ತೆರಿಗೆ ಯಾರದು?

ಪ್ರಶ್ನೆ: ನಾನು ಮತ್ತು ನನ್ನ ಸ್ನೇಹಿತ ಟೆಕ್ಸಾಸ್‌ನಲ್ಲಿ ದೋಸೆ ಹಿಟ್ಟು ತಯಾರಿಸಿ ಅಂಗಡಿಗಳಿಗೆ ಕೊಡುವ ವ್ಯವಹಾರ ಆರಂಭಿಸುತ್ತಿದ್ದೇವೆ. ಇಬ್ಬರದೂ ಸಮಪಾಲು. ಎಲ್‌ಎಲ್‌ಸಿ ಮಾಡಿ ಪಾಲುದಾರಿಕೆಯಾಗಿ ತೆರಿಗೆ ಕಟ್ಟುವುದು ಒಳ್ಳೆಯದೋ, ಕಾರ್ಪೊರೇಶನ್ ಮಾಡುವುದೋ? ಲಾಭವನ್ನೆಲ್ಲ ತೆಗೆದುಕೊಳ್ಳದೆ ಯಂತ್ರಗಳಿಗೆಂದು ಉಳಿಸುವ ಯೋಚನೆಯಿದೆ.

ಉತ್ತರ: ನಾನು ಇಲ್ಲಿನ ಸಣ್ಣ ಉದ್ಯಮಗಳ ಲೆಕ್ಕಪತ್ರ ನೋಡಿಕೊಳ್ಳುವವನು. ನಿಮ್ಮ ಪ್ರಶ್ನೆಯ ಕೊನೆಯ ವಾಕ್ಯವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ ಎಂದು ನನಗನಿಸುತ್ತದೆ.

ಇಬ್ಬರು ಸದಸ್ಯರಿರುವ ಎಲ್‌ಎಲ್‌ಸಿ ಬೇರೆ ಆಯ್ಕೆ ಮಾಡಿಕೊಳ್ಳದಿದ್ದರೆ, ಅಮೆರಿಕದ ಕೇಂದ್ರ ತೆರಿಗೆಯ ಮಟ್ಟಿಗೆ ಅದು ಪಾಲುದಾರಿಕೆಯೇ. ಅದು ನಮೂನೆ 1065 ಸಲ್ಲಿಸುತ್ತದೆಯೇ ಹೊರತು ತಾನು ಆದಾಯ ತೆರಿಗೆ ಕಟ್ಟುವುದಿಲ್ಲ. ಲಾಭ ನಿಮ್ಮಿಬ್ಬರ ವೈಯಕ್ತಿಕ ರಿಟರ್ನ್‌ಗಳಿಗೆ ಹರಿದುಬರುತ್ತದೆ. ಭಾರತದಲ್ಲಿ ಪಾಲುದಾರಿಕೆ ಸಂಸ್ಥೆಯೇ ಶೇ. 30ರ ದರದಲ್ಲಿ ತೆರಿಗೆ ಕಟ್ಟಿ, ಪಾಲುದಾರನ ಲಾಭದ ಪಾಲಿಗೆ ಮತ್ತೆ ತೆರಿಗೆ ಇಲ್ಲದಿರುವುದನ್ನು ಕಂಡವರಿಗೆ ಇದು ತಲೆಕೆಳಗಾಗಿ ತೋರುತ್ತದೆ, ಆದ್ದರಿಂದ ಊರಿನ ಅನುಭವವನ್ನು ಇಲ್ಲಿಗೆ ಅನ್ವಯಿಸಬೇಡಿ.

ಒಂದು ವರ್ಷ ನಿಮಗೆ 2 ಲಕ್ಷ ಡಾಲರ್ ಲಾಭ ಬಂತೆಂದುಕೊಳ್ಳೋಣ. ತಲಾ 30,000 ಮಾತ್ರ ತೆಗೆದುಕೊಂಡು, ಉಳಿದ 1,40,000 ಡಾಲರನ್ನು ದೊಡ್ಡ ಗ್ರೈಂಡರ್ ಮತ್ತು ಶೀತಲ ಕೋಣೆಗೆಂದು ಬ್ಯಾಂಕಿನಲ್ಲಿ ಇಟ್ಟಿರಿ. ಆಗ ಪಾಲುದಾರನ ಪಾಲಿನ ಲೆಕ್ಕ ತೋರಿಸಲು ನಿಮಗೆ ಬರುವ ಕೆ-1 ಪತ್ರದ 1ನೇ ಚೌಕದಲ್ಲಿ 1,00,000 ಎಂದೂ 19ನೇ ಚೌಕದಲ್ಲಿ 30,000 ಎಂದೂ ಇರುತ್ತದೆ. ತೆರಿಗೆ ಬೀಳುವುದು 1ನೇ ಚೌಕದ ಮೊತ್ತಕ್ಕೆ. ನಿಮ್ಮ ಕೈಗೆ ಬಂದದ್ದನ್ನು ಹೇಳುವ 19ನೇ ಚೌಕಕ್ಕಲ್ಲ. ನೀವಿಬ್ಬರೂ ದುಡಿಯುವ ಪಾಲುದಾರರಾದ್ದರಿಂದ ಸ್ವಯಂ ಉದ್ಯೋಗ ತೆರಿಗೆ ತಲಾ ಸುಮಾರು 14,130 ಡಾಲರ್ ಆಗುತ್ತದೆ. ಅದರ ಅರ್ಧವನ್ನೂ, ವ್ಯವಹಾರದ ಆದಾಯಕ್ಕೆ ಸಿಗುವ ಶೇ. 20ರ ಕಡಿತವನ್ನೂ ಕಳೆದರೆ ಸುಮಾರು 74,350 ಉಳಿಯುತ್ತದೆ. ಸಂಗಾತಿಯ ಸಂಬಳವೂ ಸೇರಿ ನಿಮ್ಮ ಕುಟುಂಬ ಶೇ. 22ರ ಹಂತದಲ್ಲಿದ್ದರೆ, ಅದರ ಮೇಲಿನ ಆದಾಯ ತೆರಿಗೆ ಸುಮಾರು 16,360. ಒಟ್ಟು 30,490 ಡಾಲರ್. ಅಂದರೆ ತೆಗೆದುಕೊಂಡ ಹಣವಷ್ಟೂ ತೆರಿಗೆಗೆ ಹೋಗಿ, ಮೇಲೆ ನೀವೇ ಒಂದಿಷ್ಟು ಕೈಯಿಂದ ಹಾಕಬೇಕು.

ಸ್ನೇಹಿತರ ನಡುವೆ ಮನಸ್ತಾಪ ಹುಟ್ಟುವುದು ಸಾಮಾನ್ಯವಾಗಿ ಇಲ್ಲಿಯೇ: ಒಬ್ಬನಿಗೆ ಹಣ ವ್ಯವಹಾರದಲ್ಲೇ ಇರಬೇಕು, ಇನ್ನೊಬ್ಬನಿಗೆ ತೆರಿಗೆ ಕಟ್ಟಲು ಹಣ ಬೇಕು. ಆದ್ದರಿಂದ ನಿಮ್ಮ ಒಪ್ಪಂದ ಪತ್ರದಲ್ಲಿ, ಬೇರೆ ಯಾವ ಹಂಚಿಕೆ ನಡೆಯದಿದ್ದರೂ ತೆರಿಗೆಗೆ ಸಾಕಾಗುವಷ್ಟನ್ನು ಇಬ್ಬರಿಗೂ ಕೊಡತಕ್ಕದ್ದು ಎಂಬ ಷರತ್ತನ್ನು ಮೊದಲ ದಿನವೇ ಬರೆಸಿಕೊಳ್ಳಿ. ಮುಂಗಡ ತೆರಿಗೆಯ ಕಂತುಗಳು ಏಪ್ರಿಲ್, ಜೂನ್, ಸೆಪ್ಟೆಂಬರ್ ಮತ್ತು ಜನವರಿ 15ರ ಹೊತ್ತಿಗೆ ಬರುವುದರಿಂದ, ಆ ಹಣ ವರ್ಷದ ಕೊನೆಗಲ್ಲ, ಆಯಾ ಕಂತಿಗೆ ಮುಂಚೆ ಕೈ ಸೇರಬೇಕು. ಉಳಿಸಿಟ್ಟ ಲಾಭಕ್ಕೆ ಈಗ ಕಟ್ಟಿದ ತೆರಿಗೆ ವ್ಯರ್ಥವಲ್ಲ. ತೆರಿಗೆ ಬಿದ್ದ ಆ ಲಾಭ ವ್ಯವಹಾರದಲ್ಲಿ ನಿಮ್ಮ ಪಾಲಿನ ಮೂಲಬೆಲೆಯನ್ನು ಹೆಚ್ಚಿಸುತ್ತದೆ, ಆ ಹಣವನ್ನು ಮುಂದೆ ತೆಗೆದುಕೊಂಡಾಗ ಮತ್ತೆ ತೆರಿಗೆ ಬೀಳುವುದಿಲ್ಲ.

ಕಾರ್ಪೊರೇಶನ್ ಆದರೆ ಅದೇ 2 ಲಕ್ಷಕ್ಕೆ ಕಂಪನಿಯೇ ಶೇ. 21ರಂತೆ 42,000 ಡಾಲರ್ ಕಟ್ಟುತ್ತದೆ, ಮತ್ತು ಹಣ ಕಂಪನಿಯಲ್ಲೇ ಇರುವ ತನಕ ನಿಮ್ಮ ವೈಯಕ್ತಿಕ ರಿಟರ್ನ್‌ಗೆ ಏನೂ ಬರುವುದಿಲ್ಲ. ಪಾಲುದಾರಿಕೆಯಲ್ಲಿ ಇಬ್ಬರೂ ಸೇರಿ ಕಟ್ಟುವ ಸುಮಾರು 61,000ಕ್ಕೆ ಹೋಲಿಸಿದರೆ ಇದು ಸ್ಪಷ್ಟ ಅನುಕೂಲ. ಆದರೆ ಉಳಿದ 1,58,000 ಡಾಲರನ್ನು ಲಾಭಾಂಶವಾಗಿ ಹಂಚಿದರೆ ಅದಕ್ಕೆ ಶೇ. 15ರಂತೆ 23,700 ಮತ್ತೆ ಹೋಗಿ, ಒಟ್ಟು 65,700 ಆಗುತ್ತದೆ. ದುಡಿಯುವ ಮಾಲೀಕರು ಸಂಬಳವಾಗಿ ತೆಗೆದುಕೊಂಡರೆ ಅದು ಕಂಪನಿಗೆ ಖರ್ಚಾಗುತ್ತದೆ ನಿಜ, ಆದರೆ ಸಂಬಳದ ಮೇಲಿನ ಆದಾಯ ತೆರಿಗೆ, ಸಾಮಾಜಿಕ ಭದ್ರತಾ ತೆರಿಗೆಗಳು ತಪ್ಪುವುದಿಲ್ಲ.

ಇನ್ನೊಂದು ಕಡೆ ನಷ್ಟವಿದೆ. ಮೊದಲ ವರ್ಷ 60,000 ಡಾಲರ್ ನಷ್ಟವಾದರೆ, ಪಾಲುದಾರಿಕೆಯಲ್ಲಿ ತಲಾ 30,000 ನಿಮ್ಮ ರಿಟರ್ನ್‌ಗೆ ಬಂದು ಸಂಗಾತಿಯ ಸಂಬಳದ ಎದುರು ಕಳೆಯುತ್ತದೆ. ನೀವು ಅಷ್ಟು ಬಂಡವಾಳ ಹಾಕಿರಬೇಕು ಮತ್ತು ಸ್ವತಃ ದುಡಿಯುತ್ತಿರಬೇಕು, ಅಷ್ಟೇ. ಕಂಪನಿಯಾದರೆ ಆ ನಷ್ಟ ಕಂಪನಿಯೊಳಗೇ ಉಳಿದು, ಅದರ ಮುಂದಿನ ಲಾಭಕ್ಕಾಗಿ ಕಾಯುತ್ತದೆ.

ಆದ್ದರಿಂದ ನನ್ನ ಸಲಹೆ, ಎಲ್‌ಎಲ್‌ಸಿ ಮಾಡಿ ಪಾಲುದಾರಿಕೆಯಾಗಿಯೇ ಆರಂಭಿಸಿ. ಲಾಭ ಸ್ಥಿರವಾಗಿ, ಅದರ ಹೆಚ್ಚಿನ ಭಾಗವನ್ನು ಹಲವು ವರ್ಷ ಒಳಗೇ ಉಳಿಸುವುದು ಖಚಿತವಾದಾಗ, ನಮೂನೆ 8832ರ ಮೂಲಕ ಕಾರ್ಪೊರೇಶನ್ ಆಗಿ ತೆರಿಗೆ ಕಟ್ಟುವ ಆಯ್ಕೆ ಮಾಡಿಕೊಳ್ಳಬಹುದು; ಸಾಲದ ಹೊರೆ ಮಿತಿಯಲ್ಲಿದ್ದರೆ ಆ ಬದಲಾವಣೆಗೆ ಸಾಮಾನ್ಯವಾಗಿ ತೆರಿಗೆ ಬೀಳುವುದಿಲ್ಲ. ಹಿಂದಿರುಗುವ ದಾರಿ ಹಾಗಲ್ಲ. ಕಾರ್ಪೊರೇಶನ್ ಪಾಲುದಾರಿಕೆಯಾಗುವುದನ್ನು ಕಂಪನಿ ಮುಚ್ಚಿ ಆಸ್ತಿ ಹಂಚಿದಂತೆ ಪರಿಗಣಿಸುವುದರಿಂದ, ಬೆಲೆ ಏರಿದ ಆಸ್ತಿಯ ಮೇಲೆ ಕಂಪನಿಗೂ ಅದನ್ನು ಪಡೆದ ನಿಮಗೂ ತೆರಿಗೆ ಬರುತ್ತದೆ.