ಹಳೇ ಮದುವೆ ಕ್ಯಾಸೆಟ್, ವೈಡ್‌ಸ್ಕ್ರೀನ್ ಟೈಮ್‌ಲೈನ್

"ಅಪ್ಪ ಅಮ್ಮನ ಮದುವೆ ಕ್ಯಾಸೆಟ್ 4:3 ಇದೆ, 1920x1080ಗೆ ಹಾಕಿದ್ರೆ ಪಕ್ಕದಲ್ಲಿ ಕಪ್ಪು ಪಟ್ಟಿ, ಎಳೆದ್ರೆ ಎಲ್ರೂ ದಪ್ಪ. ಏನ್ ಮಾಡ್ಲಿ?"

ಅದೇ ಕ್ಲಿಪ್‌ನ ಎರಡು ಟ್ರ್ಯಾಕಲ್ಲಿ ಒಂದರ ಮೇಲೊಂದು ಹಾಕಿ. ಮೇಲಿಂದು ಎತ್ತರಕ್ಕೆ ಫಿಟ್ ಮಾಡಿದ್ರೆ ಅಗಲ 1440 ಬರುತ್ತೆ, ಆಚೆ ಈಚೆ 240 ಪಿಕ್ಸೆಲ್ ಉಳಿಯುತ್ತೆ. ಕೆಳಗಿಂದನ್ನ ಅದರ 134% ಮಾಡಿ ಅಗಲ ತುಂಬ್ಸಿ, ಜೋರಾಗಿ ಬ್ಲರ್ ಹಾಕಿ, ಸ್ವಲ್ಪ ಕತ್ತಲೆ ಮಾಡಿ, ಬಣ್ಣಾನೂ ಇಳಿಸಿ, ಇಲ್ಲಾಂದ್ರೆ ಕಣ್ಣು ಪಕ್ಕಕ್ಕೇ ಓಡುತ್ತೆ. ಬರೀ ಝೂಮ್ ಮಾಡಿ ತುಂಬ್ಸೋಕೆ ಹೋದ್ರೆ ಎತ್ತರದಲ್ಲಿ ಕಾಲು ಭಾಗ ಹೋಗುತ್ತೆ, ಧಾರೆ ಶಾಟಲ್ಲಿ ಮೇಲೆ ಬಾಸಿಂಗ ಕೆಳಗೆ ಕೈ ಎರಡೂ ಕಟ್ ಆಗುತ್ತೆ (ನಮ್ಮನೇದ್ರಲ್ಲಿ ಹಂಗೇ ಮಾಡಿ ಅತ್ತೆ ಹತ್ರ ಬೈಸ್ಕೊಂಡೆ). ಆಮೇಲೆ ಕ್ಯಾಸೆಟ್ ಫೂಟೇಜಲ್ಲಿ ಕೆಳ ಅಂಚಿಗೆ ನಡುಗೋ ಗೆರೆ ಇರುತ್ತೆ, ಮೇಲಿನ ಕ್ಲಿಪ್‌ನ 102-103% ಮಾಡಿ ಚೂರು ಕೆಳಗೆ ಸರಿಸಿದ್ರೆ ಅದು ಫ್ರೇಮಿಂದ ಆಚೆ ಹೋಗುತ್ತೆ.