ಅವರು ನಗುತ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತು?

ಪ್ರಶ್ನೆ: ನಾನು ಒಂದು ಸಣ್ಣ ಟೀಮಿನ ಲೀಡ್. ಇತ್ತೀಚೆಗೆ ಒಬ್ಬರು ಮೇಡಂ ನಮ್ಮ ಟೀಮಿಗೆ ಬಂದರು. ಆಪರೇಷನ್ ಒಂದರಲ್ಲಿ ನರಕ್ಕೆ ಪೆಟ್ಟಾಗಿ ಅವರ ಮುಖದ ಎಡಭಾಗ ಅಲುಗಾಡುವುದಿಲ್ಲ. ಇಷ್ಟನ್ನು ಅವರೇ ಮೊದಲ ದಿನ ಹೇಳಿದ್ದರು. ಕೆಲಸದಲ್ಲಿ ಗಟ್ಟಿಗರು. ಆದರೆ ಮಾತಾಡುವಾಗ ಎಲ್ಲಿ ನೋಡಬೇಕೋ ನನಗೆ ತಿಳಿಯುವುದಿಲ್ಲ. ಜೋಕ್ ಮಾಡಿದರೆ ಮುಖ ಸೊಟ್ಟ ಮಾಡಿದ ಹಾಗೆ ಕಾಣುತ್ತದೆ. ಟೀಮಿನಲ್ಲಿ ಅವರಿಗೆ ‘ಸಿಡುಕಿ’ ಅಂತ ಹೆಸರು ಬಿದ್ದಿದೆ. ಮೊನ್ನೆ ಅವರು ಮಾಡಿದ ಕೆಲಸವನ್ನು ಕ್ಲೈಂಟ್ ಮುಂದೆ ಬೇರೆಯವರ ಕೈಲಿ ಹೇಳಿಸಿದೆ, ಅವರಿಗೆ ಮುಜುಗರ ಆಗದಿರಲಿ ಅಂತ. ಅವತ್ತಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾರೆ. ನಾನು ಮಾಡಿದ್ದು ತಪ್ಪಾ?

ಉತ್ತರ: ತಪ್ಪೇ. ಮುಜುಗರ ಆಗುತ್ತದೆ ಅಂತ ಅವರು ಹೇಳಿರಲಿಲ್ಲ, ನೀವೂ ಕೇಳಿರಲಿಲ್ಲ. ಮುಜುಗರ ಇದ್ದದ್ದು ನಿಮಗೆ, ಅದನ್ನು ತೆಗೆದು ಅವರ ಹೆಸರಿಗೆ ಬರೆದಿರಿ. ಮುಖ ಬೇರೆ ಥರ ಇರುವವರು ಬೈಗುಳದ ಜೊತೆಗೆ ಇಂಥ ‘ಕಾಳಜಿ’ಯನ್ನೂ ಎದುರಿಸಬೇಕಾಗುತ್ತದೆ. ಬೈದರೆ ತಿರುಗಿ ಬೈಯಬಹುದು, ಕಾಳಜಿಗೆ ಏನು ಹೇಳುವುದು? ಆದರೆ ನೀವು ಬರೆದು ಕೇಳಿದ್ದೀರಿ, ಇದು ಸರಿಹೋಗುವ ವಿಷಯವೇ. ಮೊದಲು ಆ ಮುಖದಲ್ಲಿ ಏನಾಗುತ್ತಿದೆ ಅಂತ ತಿಳಿದುಕೊಳ್ಳಿ. ನಿಮ್ಮ ಅರ್ಧ ಗೊಂದಲ ಹುಟ್ಟಿರುವುದು ಅಲ್ಲೇ.

ಮುಖದ ಪ್ರತಿ ಬದಿಗೂ ಒಂದೊಂದು ನರ ಇದೆ. ಹುಬ್ಬು ಏರಿಸುವುದು, ಕಣ್ಣು ಮುಚ್ಚುವುದು, ತುಟಿ ಅರಳಿಸುವುದು ಎಲ್ಲ ಅದರ ಕೆಲಸ. ಎಡಬದಿಯ ನರ ಕೆಲಸ ನಿಲ್ಲಿಸಿದರೆ ನಗುವಾಗ ಬಲಬದಿ ಮಾತ್ರ ಎಳೆದುಕೊಳ್ಳುತ್ತದೆ, ಎಡಬದಿ ಜೋತು ಬಿದ್ದೇ ಇರುತ್ತದೆ. ಅವರು ಮನಸಾರೆ ನಕ್ಕಾಗ ನಿಮಗೆ ಕಂಡಿದ್ದು ವ್ಯಂಗ್ಯದ ನಗು, ಇಲ್ಲಾ ಸಿಡುಕು. ನಿಮ್ಮ ಜೋಕ್ ಅವರಿಗೆ ಹಿಡಿಸಿರಲೂಬಹುದು. (ಹಿಡಿಸದೆಯೂ ಇರಬಹುದು, ಲೀಡ್‌ಗಳ ಜೋಕಿನ ಬಗ್ಗೆ ನಾನೇನೂ ಗ್ಯಾರಂಟಿ ಕೊಡುವುದಿಲ್ಲ.) ಸುಸ್ತಾದ ದಿನ ಈ ವಾಲಿಕೆ ಇನ್ನೂ ಎದ್ದು ಕಾಣುತ್ತದೆ, ಆದ್ದರಿಂದ ಸಂಜೆಯ ಮೀಟಿಂಗಿನಲ್ಲಿ ಅವರು ಇನ್ನಷ್ಟು ‘ಸಿಟ್ಟಾಗಿ’ ಕಂಡರೆ ಅದು ಸಿಟ್ಟೇ ಅಂದುಕೊಳ್ಳಬೇಡಿ.

ಇನ್ನೂ ಒಂದು ಇದೆ. ಪೆಟ್ಟಾದ ನರ ಮತ್ತೆ ಬೆಳೆಯುವಾಗ ಅದರ ಎಳೆಗಳು ಕೆಲವೊಮ್ಮೆ ತಪ್ಪು ಜಾಗಕ್ಕೆ ಹೋಗಿ ಸೇರುತ್ತವೆ. ತುಟಿಗೆ ಹೋಗಬೇಕಾದ ಎಳೆ ಕಣ್ಣಿನ ಸ್ನಾಯುವಿಗೆ ಸೇರಿದರೆ ನಕ್ಕಾಗ ಆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತದೆ. ನೋಡಿದವರು ಕಣ್ಣು ಹೊಡೆದರು ಅಂದುಕೊಳ್ಳುತ್ತಾರೆ, ಹೆಂಗಸಾದರಂತೂ ಅದರ ಕಥೆ ಬೇರೆಯೇ ಆಗುತ್ತದೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದದ್ದು ಕಣ್ಣೀರಿನ ಗ್ರಂಥಿಗೆ ಸೇರಿದರೆ ಊಟ ಮಾಡುವಾಗ ಒಂದು ಕಣ್ಣಲ್ಲಿ ನೀರು ಸುರಿಯುತ್ತದೆ. ನಿಮ್ಮ ಮೇಡಂಗೆ ಇದೆಲ್ಲ ಇದೆಯೋ ಇಲ್ಲವೋ, ಇರಲೇಬೇಕೆಂದಿಲ್ಲ. ಆದರೆ ಊಟದ ಹೊತ್ತಲ್ಲಿ ಅವರ ಕಣ್ಣಲ್ಲಿ ನೀರು ಕಂಡರೆ ಓಡಿ ಹೋಗಿ ‘ಯಾಕೆ, ಏನಾಯ್ತು’ ಅನ್ನಬೇಡಿ. ಸ್ಟ್ರಾ ಹಾಕಿ ಕುಡಿಯುತ್ತಾರೆ, ಕಣ್ಣಿಗೆ ಡ್ರಾಪ್ಸ್ ಬಿಟ್ಟುಕೊಳ್ಳುತ್ತಾರೆ, ಫ್ಯಾನಿನ ಗಾಳಿ ನೇರ ಬಡಿಯದ ಜಾಗ ಹುಡುಕುತ್ತಾರೆ ಅಂದರೆ ಸುಮ್ನೆ ಬಿಟ್ಟುಬಿಡಿ. ಪೂರ್ತಿ ಮುಚ್ಚದ ಕಣ್ಣು ಬೇಗ ಒಣಗುತ್ತದೆ, ಅಷ್ಟೇ. ಅವರು ಸೀಟು ಬದಲಾಯಿಸಿ ಅಂತ ಕೇಳಿದರೆ ಕಾರಣ ಕೆದಕದೆ ಬದಲಾಯಿಸಿಕೊಡಿ.

ಹಾಗಾದರೆ ಅವರ ಮನಸ್ಸಿನಲ್ಲಿರುವುದು ಗೊತ್ತಾಗುವುದು ಹೇಗೆ? ಧ್ವನಿಯಿಂದ, ಕೈಯಿಂದ, ಕೂತ ರೀತಿಯಿಂದ, ಆಡಿದ ಮಾತಿನಿಂದ. ಅಮೆರಿಕದ ಮನಃಶಾಸ್ತ್ರಜ್ಞೆ ಕ್ಯಾಥ್ಲೀನ್ ಬೋಗಾರ್ಟ್ ಕೆಲಸ ಮಾಡಿರುವುದು ಇದೇ ವಿಷಯದ ಮೇಲೆ. ಮೋಬಿಯಸ್ ಸಿಂಡ್ರೋಮ್ ಅನ್ನುವ, ಮುಖದ ನರಗಳು ಹುಟ್ಟಿನಿಂದಲೇ ಕೆಲಸ ಮಾಡದ ಸ್ಥಿತಿ ಸ್ವತಃ ಅವರಿಗೇ ಇದೆ. 2012ರಲ್ಲಿ ಅವರು ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿನಿಂದ ಹೀಗಿರುವವರು ಧ್ವನಿ ಮತ್ತು ಮೈಯಿಂದ ಭಾವನೆ ತೋರಿಸುವುದು, ದೊಡ್ಡವರಾದ ಮೇಲೆ ಹೀಗಾದವರಿಗಿಂತ ಜಾಸ್ತಿ ಅಂತ ಕಂಡುಬಂತು. ನಿಮ್ಮ ಮೇಡಂಗೆ ಆಗಿರುವುದು ಆಪರೇಷನ್‌ನಿಂದ. ಅಂದರೆ ಅಷ್ಟೂ ವರ್ಷ ಮುಖದಲ್ಲೇ ಆಗುತ್ತಿದ್ದ ಕೆಲಸವನ್ನು ಅವರು ಈಗ ಧ್ವನಿಗೆ ಕಲಿಸುತ್ತಿರಬಹುದು. ಅವರು ‘ಚೆನ್ನಾಗಿತ್ತು’ ಅಂದರೆ ಚೆನ್ನಾಗಿತ್ತು ಅಂತಲೇ ತಿಳಿಯಿರಿ, ಮುಖ ನೋಡಿ ಮಾತಿಗೆ ಬೇರೆ ಅರ್ಥ ಕಟ್ಟಬೇಡಿ. ಫೋನಿನಲ್ಲಿ ಇದನ್ನು ನಾವೆಲ್ಲ ದಿನಾ ಮಾಡುತ್ತೇವೆ, ಅಲ್ವಾ?

ಎಲ್ಲಿ ನೋಡಬೇಕು ಅಂದಿರಲ್ಲ, ಕಣ್ಣನ್ನು ನೋಡಿ. ಬೇರೆಯವರ ಜೊತೆ ಹೇಗೋ ಹಾಗೆ: ಸ್ವಲ್ಪ ಹೊತ್ತು ನೋಡಿ, ಆಮೇಲೆ ನಿಮ್ಮ ಲ್ಯಾಪ್‌ಟಾಪ್ ನೋಡಿ, ಮತ್ತೆ ಅವರನ್ನು ನೋಡಿ. ಮೊದಮೊದಲು ದೃಷ್ಟಿ ಆ ಬಾಯಿಯ ಕಡೆ ಜಾರುತ್ತದೆ, ಜಾರಲಿ, ವಾಪಸ್ ತನ್ನಿ. ಅಲ್ಲಿ ನೋಡಲೇಬಾರದು ಅಂತ ಹಟ ಹಿಡಿದು ಗೋಡೆ ನೋಡುತ್ತಾ ಮಾತಾಡುವುದು ಎದುರಿನವರಿಗೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅವರ ಮಾತು ಕೆಲವೊಮ್ಮೆ ಸ್ಪಷ್ಟ ಇಲ್ಲದಿದ್ದರೆ ಅದಕ್ಕೂ ಕಾರಣ ಇದೆ. ಪ, ಬ, ಮ ಹೇಳಲು ಎರಡೂ ತುಟಿ ಪೂರ್ತಿ ಸೇರಬೇಕು. ಅರ್ಥವಾಗದಿದ್ದರೆ ‘ಇನ್ನೊಮ್ಮೆ ಹೇಳ್ತೀರಾ, ಕೇಳಿಸಲಿಲ್ಲ’ ಅನ್ನಿ. ತಲೆಯಾಡಿಸಿ ಸುಮ್ಮನಾಗಬೇಡಿ, ಅವರ ವಾಕ್ಯ ನೀವು ಮುಗಿಸಬೇಡಿ.

ಟೀಮಿನ ವಿಷಯ. ‘ಸಿಡುಕಿ’ ಅನ್ನುವ ಹೆಸರು ಮುಂದಿನ ಸಲ ಕಿವಿಗೆ ಬಿದ್ದಾಗ ಅಲ್ಲೇ ನಿಲ್ಲಿಸಿ: ‘ಅವರ ಮುಖದ ಒಂದು ಬದಿ ಅಲುಗಾಡಲ್ಲ, ಅದು ಸಿಟ್ಟಲ್ಲ. ಆ ಹೆಸರು ಇನ್ನು ಬೇಡ.’ ಇದಕ್ಕಿಂತ ಉದ್ದ ಬೇಡ. ಅವರು ಇಲ್ಲದಾಗ ಎಲ್ಲರನ್ನೂ ಕೂರಿಸಿ ಸೂಕ್ಷ್ಮತೆಯ ಪಾಠ ಮಾಡಲು ಹೋಗಬೇಡಿ, ಅವರ ಆಪರೇಷನ್ ಕಥೆ ಬಿಚ್ಚಬೇಡಿ, ಅದು ನಿಮ್ಮದಲ್ಲ. ಯಾರೋ ಒಬ್ಬರು ‘ನನ್ನ ಚಿಕ್ಕಪ್ಪನಿಗೂ ಹೀಗೇ ಆಗಿತ್ತು, ಎಣ್ಣೆ ತಿಕ್ಕಿದ ಮೇಲೆ ಸರಿಹೋಯ್ತು’ ಅಂತ ಶುರು ಮಾಡಿಯೇ ಮಾಡುತ್ತಾರೆ. ಆ ಚಿಕ್ಕಪ್ಪನಿಗೆ ಆಗಿದ್ದು ಬಹುಶಃ ಬೆಲ್ಸ್ ಪಾಲ್ಸಿ, ಅಂದರೆ ಇದ್ದಕ್ಕಿದ್ದಂತೆ ಮುಖದ ಒಂದು ಬದಿಯ ನರ ಸೋಲುವುದು. ಅದು ಬಂದವರಲ್ಲಿ ಹೆಚ್ಚಿನವರಿಗೆ ಕೆಲವು ವಾರ, ತಿಂಗಳಲ್ಲಿ ತಾನಾಗೇ ಇಳಿಯುತ್ತದೆ, ಹೆಸರು ಎಣ್ಣೆಗೆ ಬರುತ್ತದೆ. ಆಪರೇಷನ್‌ನಲ್ಲಿ ಪೆಟ್ಟಾದ ನರದ ಲೆಕ್ಕ ಬೇರೆ.

ಈಗ ಆ ಮೀಟಿಂಗ್. ಅವರನ್ನು ಒಬ್ಬರೇ ಇದ್ದಾಗ ಮಾತಾಡಿಸಿ, ಸುತ್ತಿ ಬಳಸಬೇಡಿ: ‘ಮೇಡಂ, ಆ ಕೆಲಸ ನಿಮ್ಮದು. ನಿಮ್ಮನ್ನು ಕೇಳದೆ ಬೇರೆಯವರ ಕೈಲಿ ಹೇಳಿಸಿದ್ದು ನನ್ನ ತಪ್ಪು. ಮುಂದಿನ ಸಲ ನೀವೇ ಹೇಳ್ತೀರಾ?’ ಅಷ್ಟೇ. ನಿಮಗೆ ಎಷ್ಟು ಬೇಜಾರಾಯಿತು, ಎಷ್ಟು ದಿನ ನಿದ್ದೆ ಬರಲಿಲ್ಲ ಎಂದೆಲ್ಲ ಶುರು ಮಾಡಿದರೆ ನಿಮ್ಮನ್ನು ಸಮಾಧಾನ ಮಾಡುವ ಕೆಲಸವೂ ಅವರ ತಲೆಗೇ ಬರುತ್ತದೆ. ಒಪ್ಪಿದರೆ ‘ಕ್ಲೈಂಟ್‌ಗೆ ಮೊದಲೇ ಏನಾದರೂ ತಿಳಿಸಬೇಕಾ, ಬೇಡವಾ’ ಅಂತ ಕೇಳಿ, ಅವರು ಹೇಳಿದ ಹಾಗೇ ಮಾಡಿ. ಕೆಲವರು ತಾವೇ ಶುರುವಿನಲ್ಲಿ ಒಂದು ಮಾತು ಹೇಳಿ ಕೆಲಸದ ವಿಷಯಕ್ಕೆ ಬರುತ್ತಾರೆ. ಮುಖ ಬೇರೆ ಥರ ಇರುವವರಿಗೆ ನೆರವಾಗುವ ಬ್ರಿಟನ್ನಿನ ಚೇಂಜಿಂಗ್ ಫೇಸಸ್ ಸಂಸ್ಥೆ ಕಲಿಸುವುದೂ ಸುಮಾರು ಇದನ್ನೇ: ಚುಟುಕಾಗಿ ವಿವರಿಸು, ಎದುರಿನವರಿಗೆ ಧೈರ್ಯ ಕೊಡು, ಮಾತನ್ನು ಬೇರೆ ಕಡೆ ತಿರುಗಿಸು. ಇನ್ನು ಕೆಲವರಿಗೆ ಅದೂ ಬೇಡ. ವಿಡಿಯೋ ಕಾಲ್ ಆದರೆ ಒಳ್ಳೆ ಮೈಕ್ ಇದೆಯಾ ನೋಡಿ, ಅವರ ಅರ್ಧ ಭಾವನೆ ಬರುವುದು ಧ್ವನಿಯಲ್ಲೇ.

ಒಪ್ಪಲಿಲ್ಲ ಅಂದರೆ ‘ಯಾಕೆ’ ಅಂತ ಜಗ್ಗಬೇಡಿ. ಆದರೆ ಪ್ರೆಸೆಂಟೇಷನ್‌ನಲ್ಲಿ ಅವರ ಹೆಸರು ಇರಲಿ, ಅದರ ಮುಂದಿನ ಮೀಟಿಂಗ್ ಬಂದಾಗ ಮತ್ತೆ ಕೇಳಿ.